ಏಳನೇ ಮನೆ ಎಂದರೆ ಹೆಂಡತಿ ಮಾತ್ರವೇ?

ನನ್ನ ತಂಗಿಯ ಮಗನಿಗೆ ಹೆಣ್ಣು ನೋಡುವಾಗ ಜಾತಕ ಹಿಡಿದು ಕುಳಿತವರೆಲ್ಲ ಮುಖ ಸಣ್ಣದು ಮಾಡಿದ್ದರು. ಸಿಂಹ ಲಗ್ನ, ಏಳರಲ್ಲಿ ರವಿ, ಸಪ್ತಮಾಧಿಪತಿ ಶನಿ ಆರರಲ್ಲಿ. ಶಾಂತಿ, ಹೋಮ ಎಲ್ಲವೂ ಆಯಿತು. ಮದುವೆಯಾಗಿ ಈಗ ಹತ್ತು ವರ್ಷ, ಗಂಡ ಹೆಂಡತಿ ಚೆನ್ನಾಗಿಯೇ ಇದ್ದಾರೆ. ಆ ಶನಿ ಕಾಡಿದ್ದು ಮನೆಯಲ್ಲಲ್ಲ, ಅಡಿಕೆ ವ್ಯಾಪಾರದಲ್ಲಿ.

ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಏಳನೇ ಮನೆಯನ್ನು ಮದುವೆಯ ಹೊತ್ತಿಗೆ ಬಿಟ್ಟರೆ ಯಾರೂ ತೆರೆದು ನೋಡುವುದಿಲ್ಲ. ಲಗ್ನ ನಾನು, ಏಳು ನನ್ನ ಎದುರಿಗೆ ನಿಂತವನು. ಆ ಎದುರಿನವನು ಹೆಂಡತಿಯಾಗಬಹುದು, ಪಾಲುದಾರನಾಗಬಹುದು, ಅಡಿಕೆ ಕೊಡುವ ರೈತನಾಗಬಹುದು, ದಾವೆ ಹೂಡಿದ ಎದುರಾಳಿಯೂ ಆಗಬಹುದು. ಪ್ರಶ್ನೆ ಹಾಕುವಾಗ ಕೇಳುವವನನ್ನು ಲಗ್ನದಿಂದ, ಎದುರು ಪಕ್ಷವನ್ನು ಏಳರಿಂದ ನೋಡುತ್ತೇವಲ್ಲ? ಜಾತಕದಲ್ಲಿ ಮಾತ್ರ ಅದೇಕೋ ಮರೆತುಹೋಗುತ್ತದೆ. ಉದ್ಯೋಗದ ಮನೆಯಾದ ಹತ್ತರಿಂದ ಹತ್ತು ಎಣಿಸಿದರೂ ಬಂದು ನಿಲ್ಲುವುದು ಏಳಕ್ಕೇ.

ಹುಡುಗ ಚೇಣಿ ಹಿಡಿಯುತ್ತಿದ್ದ. ರೈತರ ತೋಟದ ಹಸಿ ಅಡಿಕೆ ತಂದು ಸುಲಿಸಿ, ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಂಡಿಗೆ ಹಾಕುವ ಕೆಲಸ. ಗೆಳೆಯನೊಬ್ಬ ಬಂಡವಾಳ ಹಾಕಿದ, ಇವನು ಓಡಾಟ ಹೊತ್ತುಕೊಂಡ. ಕರಾರುಪತ್ರ ಇರಲಿಲ್ಲ. ಲೆಕ್ಕವೆಲ್ಲ ಚೊಗರಿನ ಕಲೆ ಹತ್ತಿದ ಒಂದು ನೂರು ಪುಟದ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 12ರಿಂದ 13 ಕೆಜಿ ಒಣ ಅಡಿಕೆ ಬರುತ್ತದೆ. ಜಗಳ ಹುಟ್ಟಿದ್ದು ಆ ಒಂದು ಕೆಜಿಯ ಅಂತರದಲ್ಲಿ. ಗೆಳೆಯ ಹದಿಮೂರರ ಲೆಕ್ಕ ಹಿಡಿದ, ಕಣದಲ್ಲಿ ತೂಗಿದ್ದು ಹನ್ನೆರಡು. ಉಳಿದದ್ದು ಎಲ್ಲಿ ಹೋಯಿತು ಎಂಬ ಮಾತು ಬಂದ ಮೇಲೆ ಸ್ನೇಹ ಉಳಿಯುವುದುಂಟೇ?

ಪುಸ್ತಕದ ಜೊತೆಗೆ ಜಾತಕವನ್ನೂ ತಂದ. ನಾನು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡೆ: ಮನೆಯಲ್ಲಿ ಯಾರಿದ್ದಾರೆ, ಮನೆಯ ಯಜಮಾನ ಎಲ್ಲಿ ಹೋಗಿದ್ದಾನೆ. ನನ್ನ ಅನುಭವದಲ್ಲಿ ಏಳರಲ್ಲಿ ಕುಳಿತವರು ಊರಿನ ಜನರೊಂದಿಗಿನ ವ್ಯವಹಾರವನ್ನು ಹೇಳುತ್ತಾರೆ, ಅಧಿಪತಿ ಒಪ್ಪಂದದ ಗತಿಯನ್ನು ಹೇಳುತ್ತಾನೆ. ಇವನ ಏಳರಲ್ಲಿ ಲಗ್ನಾಧಿಪತಿ ರವಿ, ಜೊತೆಗೆ ಹತ್ತರ ಅಧಿಪತಿ ಶುಕ್ರ, ಚಂದ್ರ. ರೈತರು ಇವನನ್ನು ಹುಡುಕಿಕೊಂಡು ಬರುತ್ತಾರೆ, ಇವನ ಮಾತಿಗೆ ಅಡಿಕೆ ಕೊಡುತ್ತಾರೆ. ಅದು ಪೂರ್ತಿ ನಿಜ. ಆದರೆ ಚಂದ್ರ ವ್ಯಯದ ಮನೆಯಾದ ಹನ್ನೆರಡರ ಅಧಿಪತಿಯೂ ಹೌದು, ಕೈ ಸಡಿಲ.

ಯಜಮಾನ ಶನಿ ಮಕರದಲ್ಲಿ, ಸ್ವಂತ ಮನೆಯಲ್ಲಿ. ಬಲಹೀನನಲ್ಲ. ಆದರೆ ಆ ಮನೆ ಆರನೆಯದು, ಅಂದರೆ ಏಳಕ್ಕೆ ಹನ್ನೆರಡನೆಯದು: ಸಾಲ, ತಕರಾರು, ಪಾಲುಗಾರಿಕೆಯ ವ್ಯಯ. ಸಿಂಹ ಲಗ್ನಕ್ಕೆ ಆರು, ಏಳು ಎರಡಕ್ಕೂ ಒಬ್ಬನೇ ಧಣಿ. ಸಾಲ ಕೊಟ್ಟವನೂ ಪಾಲುದಾರನೂ ಒಬ್ಬನೇ ಆಗುವ ಯೋಗ, ಇಲ್ಲಿ ಆದದ್ದೂ ಹಾಗೆಯೇ. ಅದೇ ಮನೆಯಲ್ಲಿ ಜೊತೆಗೆ ಬುಧ. ವ್ಯಾಪಾರಕ್ಕೂ ಲೆಕ್ಕಕ್ಕೂ ಅವನೇ ಕಾರಕ, ಈ ಲಗ್ನಕ್ಕೆ ಧನ, ಲಾಭಗಳ ಅಧಿಪತಿ. ಶನಿ ದಶೆಯ ಬುಧ ಭುಕ್ತಿ 2 ವರ್ಷ 8 ತಿಂಗಳು 9 ದಿನ. ಪಾಲು ಕೂಡಿದ್ದೂ ಮುರಿದದ್ದೂ ಅದರೊಳಗೇ.

ಮದುವೆ ಹೇಗೆ ಉಳಿಯಿತು ಎಂದು ಕೇಳಬಹುದು. ಅದಕ್ಕೆ ಕಾರಕ ಶುಕ್ರ, ನೋಡಬೇಕಾದದ್ದು ನವಾಂಶ. ವ್ಯಾಪಾರಕ್ಕೆ ಬುಧ ಮತ್ತು ದಶಾಂಶ. ಒಂದೇ ಅಧಿಪತಿಯ ಫಲವನ್ನು ಕಾರಕನ ಕೈಗೆ ಕೊಟ್ಟು ನೋಡದೆ ಆರರಲ್ಲಿದ್ದಾನೆ ಎಂದೊಡನೆ ಹೆಣ್ಣಿನ ಕಡೆಯವರನ್ನು ಹೆದರಿಸುವುದು ಸೋಮಾರಿತನ. ನನಗೆ ಸಿಟ್ಟಿರುವುದು ಅಲ್ಲಿಯೇ.

ಹಾಗೆಂದು ಗೆಳೆಯ ಕದ್ದನೋ ಇಲ್ಲವೋ ಎಂದು ಜಾತಕ ಹೇಳುವುದಿಲ್ಲ. ಹೇಳುತ್ತೇನೆಂದು ನಾನೂ ಕುಳಿತುಕೊಳ್ಳಲಿಲ್ಲ. ಹನ್ನೆರಡರಲ್ಲಿ ಉಚ್ಚನಾದ ಗುರು ಆರನ್ನು ನೋಡುತ್ತಿದ್ದಾನೆ, ಹಿರಿಯರನ್ನು ಕೂರಿಸಿ ಮುಗಿಸಿಕೋ ಎಂದೆ. ವಕೀಲರು ಹೇಳಿದ್ದೂ ಬೇರೆಯಲ್ಲ: 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ಲಾಭ, ನಷ್ಟ ಸಮಪಾಲು, ನೋಂದಣಿಯಾಗದ ಸಂಸ್ಥೆಯ ಪಾಲುದಾರ ಕರಾರಿನ ಹಕ್ಕಿಗಾಗಿ ಇನ್ನೊಬ್ಬನ ಮೇಲೆ ದಾವೆ ಹೂಡುವುದು ಕಷ್ಟ. ಇಬ್ಬರೂ ನಷ್ಟ ಹಂಚಿಕೊಂಡು ಎದ್ದರು.

ಈಗ ಶುಕ್ರ ಭುಕ್ತಿ. ಹೋದ ತಿಂಗಳು ಹುಡುಗ ಮತ್ತೆ ಬಂದ. ಕೊನೆ ಕೊಯ್ಲಿಗೆ ಇನ್ನೊಬ್ಬ ಜೊತೆಗೆ ಬೇಕಂತೆ. "ಪಾಲಿಗೆ ಬೇಡ, ಚೇಣಿ ನಿನ್ನ ಹೆಸರಿನಲ್ಲೇ ಇರಲಿ" ಎಂದೆ. ಸ್ವಲ್ಪ ಹೊತ್ತು ಕವಳ ಅಗಿಯುತ್ತ ಕುಳಿತಿದ್ದವನು ಕೇಳಿದ:

"ಹಾಗಾದರೆ ಅವನನ್ನು ಸಂಬಳಕ್ಕೆ ಇಟ್ಟುಕೊಂಡರೆ ಅವನು ಏಳೋ, ಆರೋ, ಮಾವ?"

ಆಳುಕಾಳಿಗೆ ಆರು. ಅಲ್ಲಿ ಶನಿ ಸ್ವಕ್ಷೇತ್ರದಲ್ಲಿದ್ದಾನೆ. ಇಟ್ಟುಕೋ ಎಂದೆ.