ಕೆಳಗೆ ಕಾರು, ಮೇಲೆ ಸಂಸಾರ, ನಡುವೆ ಬರೀ ಕಂಬ

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮರೀನಾ ಬಡಾವಣೆಯ ಮನೆಗಳಿಗೂ ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಮನೆಗಳಿಗೂ ಮೇಲ್ನೋಟಕ್ಕೆ ಹೋಲಿಕೆಯೇ ಇಲ್ಲ. ಇವು ಮರದ ಚೌಕಟ್ಟಿನವು, ನಮ್ಮವು ಕಾಂಕ್ರೀಟಿನವು. ಆದರೆ ಎರಡಕ್ಕೂ ಕಾಲು ಒಂದೇ ಥರದ್ದು: ನೆಲಮಹಡಿಯಲ್ಲಿ ಕಾರು ನಿಲ್ಲಿಸಲು ಗೋಡೆ ತೆಗೆದಿರುತ್ತಾರೆ. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಮರೀನಾದ ಕೆಲವು ಕಟ್ಟಡಗಳ ಗ್ಯಾರೇಜು ಮಹಡಿ ಮಡಿಚಿಕೊಂಡು, ಮೇಲಿನ ಮಹಡಿಗಳು ಕುಸಿದು ಬಂದು ರಸ್ತೆ ಮಟ್ಟದಲ್ಲಿ ಕೂತವು. 2013ರಲ್ಲಿ ನಗರ ಒಂದು ಕಾನೂನು ತಂದಿತು. 1978ಕ್ಕೆ ಮೊದಲು ಪರವಾನಗಿ ಪಡೆದ, ಮೂರು ಅಥವಾ ಹೆಚ್ಚು ಮಹಡಿಯ, ಐದು ಅಥವಾ ಹೆಚ್ಚು ಮನೆಗಳಿರುವ ಇಂಥ ಮರದ ಕಟ್ಟಡಗಳನ್ನು ಮಾಲೀಕರು ಬಲಪಡಿಸಲೇಬೇಕು. ಪಟ್ಟಿಗೆ ಬಂದವು ಸುಮಾರು 5,000. ಗಡುವು ಮೀರಿದವರ ಬಾಗಿಲಿಗೆ ಎಚ್ಚರಿಕೆಯ ಫಲಕ ಅಂಟಿಸುತ್ತಾರೆ, ಬಾಡಿಗೆಗೆ ಬರುವವರು ಓದಿಕೊಂಡೇ ಬರಲಿ ಅಂತ.

ಮರದ ಮನೆಯ ಕಥೆ ನಮಗೇಕೆ ಅನ್ನುವವರು ಅಹಮದಾಬಾದನ್ನು ನೋಡಬಹುದು. 2001ರ ಜನವರಿ 26ರ ಭುಜ್ ಭೂಕಂಪದ ಕೇಂದ್ರ ಅಲ್ಲಿಂದ 200 ಕಿಲೋಮೀಟರಿಗಿಂತ ದೂರವಿತ್ತು. ಆದರೂ ಅಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಬಿದ್ದವು, ಅವುಗಳಲ್ಲಿ ಬಹುಪಾಲು ಕೆಳಗೆ ಪಾರ್ಕಿಂಗಿಗೆಂದು ತೆರೆದಿಟ್ಟ ಕಾಂಕ್ರೀಟ್ ಕಟ್ಟಡಗಳೇ.

ಬೆಂಗಳೂರಿನ ಒಂದು ಮಾಮೂಲಿ ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೆಳಗೆ ಕಾರಿಗೆಂದು ಬರೀ ಕಂಬಗಳಿರುವ ಸ್ಟಿಲ್ಟ್ ಮಹಡಿ, ಮೇಲೆ ಮೂರು ಮಹಡಿ, ಮಹಡಿಗೆ ಸುಮಾರು 70 ಚದರ ಮೀಟರ್, ಒಂಬತ್ತು ಇಂಚಿಗೆ ಹನ್ನೆರಡಿಂಚಿನ ಒಂಬತ್ತು ಕಂಬ. ಸ್ಲ್ಯಾಬು, ಗೋಡೆ, ಟಾರಸಿಯ ನೀರಿನ ಟ್ಯಾಂಕು ಎಲ್ಲ ಸೇರಿ ಅಂದಾಜು 300 ಟನ್. ಬೆಂಗಳೂರು ಎರಡನೇ ಭೂಕಂಪ ವಲಯದಲ್ಲಿದೆ ಎಂದು ಭೂಕಂಪ ತಾಳುವ ವಿನ್ಯಾಸದ ಭಾರತೀಯ ಮಾನಕವಾದ ಐಎಸ್ 1893ರ 2016ರ ಸಂಹಿತೆ ಹೇಳುತ್ತದೆ. ಅದರ ಸೂತ್ರದಂತೆ ಇಂಥ ಮನೆಗೆ ತೂಕದ ನೂರಕ್ಕೆ ನಾಲ್ಕರಷ್ಟು, ಅಂದರೆ ಸುಮಾರು 12 ಟನ್, ಪಕ್ಕಕ್ಕೆ ತಳ್ಳುವ ಅಡ್ಡಬಲ. ಒಂದೊಂದು ಕಂಬಕ್ಕೆ ಸುಮಾರು 1.3 ಟನ್. ಇಷ್ಟೇನಾ ಅನ್ನಿಸಬಹುದು. ಆದರೆ ಕಂಬ ಮುರಿಯದೆ ಬಾಗಿ ತಾಳಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ನಿಜವಾದ ಬಲವನ್ನು ಮೂರರಿಂದ ಭಾಗಿಸಿ ಸಿಕ್ಕ ಅಂಕಿ ಅದು. ಆ ಬಾಗುವ ಗುಣವೇ ಸ್ಟಿಲ್ಟಿನಲ್ಲಿ ಕೈಕೊಡುವುದು.

ಮೇಲಿನ ಮಹಡಿಗಳಲ್ಲಿ ಕಂಬಗಳ ನಡುವೆ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ ಇರುತ್ತದೆ. ಕಟ್ಟಡ ಪಕ್ಕಕ್ಕೆ ವಾಲುವಾಗ ಆ ಗೋಡೆ ಮೂಲೆಯಿಂದ ಮೂಲೆಗೆ ಕೊಟ್ಟ ಊರುಗೋಲಿನಂತೆ ಕೆಲಸ ಮಾಡುತ್ತದೆ. ಸ್ಥೂಲ ಲೆಕ್ಕದಲ್ಲಿ ಹತ್ತಡಿ ಉದ್ದದ ಒಂದು ಗೋಡೆಯ ಬಿಗಿ, ಅಂದರೆ ವಾಲದಂತೆ ತಡೆಯುವ ಗುಣ, ಮೂರು ನಾಲ್ಕು ಕಂಬಗಳ ಬಿಗಿಗೆ ಸಮ. ಹಾಗಾಗಿ ಮೇಲಿನ ಮೂರು ಮಹಡಿ ಒಂದು ಪೆಟ್ಟಿಗೆಯಂತೆ ಒಟ್ಟಿಗೆ ಚಲಿಸುತ್ತವೆ, ವಾಲುವುದೆಲ್ಲ ಕೆಳಗಿನ ಒಂಬತ್ತು ಅಡಿಯಲ್ಲೇ ಆಗುತ್ತದೆ. ನಾಲ್ಕು ಹಂತಕ್ಕೆ ಹಂಚಿಹೋಗಬೇಕಿದ್ದ ಬಾಗು ಒಂದೇ ಹಂತದ ಕಂಬಗಳ ತಲೆ ಮತ್ತು ಬುಡದ ಮೇಲೆ ಬೀಳುತ್ತದೆ. ಅಲ್ಲಿ ಕಂಬದೊಳಗಿನ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಆರೆಂಟು ಇಂಚಿಗೆ ಒಂದರಂತಿದ್ದು, ಕೊಕ್ಕೆ ಬರೀ ತೊಂಬತ್ತು ಡಿಗ್ರಿ ಮಡಿಚಿದ್ದರೆ, ಸಿಮೆಂಟು ಉದುರಿದ ಕೂಡಲೇ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿ ಹೊರಕ್ಕೆ ಬಾಗುತ್ತದೆ.

ವಿನ್ಯಾಸದ ಹಂತದಲ್ಲಿ ಇದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಎಷ್ಟೋ ಲೆಕ್ಕಗಳಲ್ಲಿ ಗೋಡೆಯನ್ನು ಭಾರವಾಗಿ ಸೇರಿಸುತ್ತಾರೆ, ಬಿಗಿಯಾಗಿ ಸೇರಿಸುವುದಿಲ್ಲ. ಕಂಪ್ಯೂಟರಿನಲ್ಲಿ ನಾಲ್ಕೂ ಮಹಡಿ ಬರೀ ಕಂಬ, ಬೀಮು. ಅಲ್ಲಿ ಸ್ಟಿಲ್ಟ್ ದುರ್ಬಲವಾಗಿ ಕಾಣುವುದೇ ಇಲ್ಲ. 2002ರ ಸಂಹಿತೆ ಇದಕ್ಕೊಂದು ಅಡ್ಡದಾರಿ ಕೊಟ್ಟಿತ್ತು: ತೆರೆದ ಮಹಡಿಯ ಕಂಬ, ಬೀಮುಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಿ ಅಂತ. 2016ರ ಪರಿಷ್ಕರಣೆ ನೇರವಾಗಿ ಕಾಂಕ್ರೀಟ್ ಗೋಡೆ ಅಥವಾ ಓರೆ ಬ್ರೇಸಿಂಗ್ ಕಡೆಗೆ ಬೆರಳು ತೋರಿಸಿತು. ಮೂರು, ನಾಲ್ಕು, ಐದನೇ ವಲಯಗಳಲ್ಲಿ ಗೋಡೆಯ ಅಡ್ಡಕೊಯ್ತ ಪ್ರತಿ ದಿಕ್ಕಿಗೂ ಮಹಡಿಯ ವಿಸ್ತೀರ್ಣದ ನೂರಕ್ಕೆ ಎರಡರಷ್ಟಾದರೂ ಇರಬೇಕು ಎನ್ನುತ್ತದೆ. ನಮ್ಮ 70 ಚದರ ಮೀಟರಿಗೆ ಅದು 1.4 ಚದರ ಮೀಟರ್. ಎಂಟಿಂಚು ದಪ್ಪದ ಗೋಡೆಯಾದರೆ ದಿಕ್ಕಿಗೆ ಏಳು ಮೀಟರ್ ಉದ್ದ. ಎರಡನೇ ವಲಯಕ್ಕೆ ಈ ಅಳತೆ ಕಡ್ಡಾಯವಲ್ಲ. ಆದರೆ 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನೆಲಸಮವಾದಾಗ ಆ ಪ್ರದೇಶ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ದಖ್ಖನ್ನಿನ ಮೇಲೆ ಕೂತು ವಲಯದ ಸಂಖ್ಯೆಯನ್ನೇ ನೆಚ್ಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಗೋಡೆ ಎಲ್ಲಿ ಕೊಡಬೇಕು ಎಂಬುದೇ ನಿಜವಾದ ತಲೆನೋವು. ಕಾರಿಗೆ ಎರಡೂವರೆ ಮೀಟರಿಗೆ ಐದು ಮೀಟರ್ ಜಾಗ ಬಿಡಲೇಬೇಕು. ಕಾರು ಒಳಬರುವ ದಿಕ್ಕಿನಲ್ಲಿ ಕಷ್ಟವಿಲ್ಲ, ಎರಡೂ ಪಕ್ಕದ ಕಂಬಸಾಲಿನಲ್ಲಿ ಐದೈದು ಅಡಿಯ ಗೋಡೆ ಕೊಟ್ಟರೆ ಕಾರಿಗೆ ಅಡ್ಡವಾಗುವುದಿಲ್ಲ. ರಸ್ತೆಗೆ ಸಮಾನಾಂತರದ ದಿಕ್ಕು ಹಾಗಲ್ಲ. ಹಿಂದೆ ಎಷ್ಟು ಬೇಕಾದರೂ ಗೋಡೆ ಕಟ್ಟಬಹುದು, ಮುಂದೆ ಗೇಟು. ಹಿಂದೆ ಮಾತ್ರ ಬಿಗಿ ಮಾಡಿದರೆ ಕಟ್ಟಡ ಹಿಂಬದಿಯನ್ನು ಕೀಲು ಮಾಡಿಕೊಂಡು ಬಾಗಿಲಿನಂತೆ ತಿರುಚುತ್ತದೆ, ರಸ್ತೆ ಬದಿಯ ಮೂಲೆ ಕಂಬ ಮೊದಲು ಹೋಗುತ್ತದೆ. ಮೆಟ್ಟಿಲನ್ನು ಒಂದು ಹಿಂಮೂಲೆಗೆ ತಳ್ಳಿದಾಗ ಆಗುವುದೂ ಇದೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗ್ಯಾರೇಜು ಬಾಗಿಲ ಸುತ್ತ ಗಟ್ಟಿ ಉಕ್ಕಿನ ಚೌಕಟ್ಟು ನಿಲ್ಲಿಸುತ್ತಾರೆ. ನಮ್ಮ ಕಟ್ಟಡ ಬಹಳ ಭಾರ, ಅದೇ ಚೌಕಟ್ಟನ್ನು ನಕಲು ಮಾಡಿದರೆ ಸಾಲದು. ಹೊಸ ಮನೆಯಾದರೆ ಗೇಟಿನ ಪಕ್ಕ ನಾಲ್ಕೈದು ಅಡಿಯ ಕಾಂಕ್ರೀಟ್ ಗೋಡೆಗೆ ಜಾಗ ಬಿಟ್ಟು, ಅದನ್ನು ಪಾಯದಿಂದ ಟಾರಸಿವರೆಗೆ ಒಂದೇ ಸಾಲಿನಲ್ಲಿ ಒಯ್ಯುವುದು ಸುಲಭ.

ಕಟ್ಟಿಯಾದ ಮನೆಗೆ ಎರಡು ಕಂಬಗಳ ನಡುವೆ ಕಾಂಕ್ರೀಟ್ ತುಂಬುವುದು ವಾಡಿಕೆ. ಕಂಬ, ಬೀಮಿನ ಪ್ಲಾಸ್ಟರ್ ಕಿತ್ತು, ಮೈ ಒರಟು ಮಾಡಿ, ರಂಧ್ರ ಕೊರೆದು, ಒಳಗಿನ ಧೂಳು ಊದಿ ತೆಗೆದು, 12 ಮಿಲಿಮೀಟರ್ ಕಂಬಿಗಳನ್ನು ಎಪಾಕ್ಸಿಯಲ್ಲಿ ನೆಡಬೇಕು. ಧೂಳು ಉಳಿದರೆ ಕಂಬಿ ಕೈಯಲ್ಲೇ ಕಿತ್ತು ಬರುತ್ತದೆ. ಎರಡು ಪದರ ಕಂಬಿ ಜಾಲ ಕಟ್ಟಿ ಕಾಂಕ್ರೀಟ್ ಹಾಕಿದ ಮೇಲೆ, ಬೀಮಿನ ಕೆಳಗೆ ಎರಡು ಮೂರು ಇಂಚು ಬಿಟ್ಟು, ಆ ಸಂದಿಗೆ ಕುಗ್ಗದ ಗ್ರೌಟ್ ತುಂಬಬೇಕು. ಕಾಂಕ್ರೀಟನ್ನೇ ಮೇಲಿನವರೆಗೆ ತುಂಬಿದರೆ ಅದು ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ, ಗೋಡೆ ಬೀಮಿಗೆ ಹತ್ತುವುದೇ ಇಲ್ಲ. ಕೆಳಗೆ ಎರಡು ಕಂಬಗಳ ಪಾಯವನ್ನು ಗಟ್ಟಿ ಬೀಮಿನಿಂದ ಜೋಡಿಸಬೇಕು. ಇನ್ನು ಮುಂದೆ ಬಲವೆಲ್ಲ ಆ ಗೋಡೆಗೇ ಬರುತ್ತದೆ, ಅದರ ಒಂದು ತುದಿ ಪಾಯವನ್ನು ಮೇಲಕ್ಕೆ ಕೀಳಲು ನೋಡುತ್ತದೆ. ಉಕ್ಕಿನ ಓರೆ ಬ್ರೇಸಿಂಗ್ ಹಗುರ, ಗಾಳಿ ಬೆಳಕಿಗೆ ಅಡ್ಡಿಯಿಲ್ಲ. ಆದರೆ ಅದು ಸೋಲುವುದು ಸಾಮಾನ್ಯವಾಗಿ ಜೋಡಣೆಯಲ್ಲಿ. ಒಂಬತ್ತಿಂಚಿನ ಕಂಬಕ್ಕೆ ಎರಡು ಬೋಲ್ಟು ಹೊಡೆದು ಪ್ಲೇಟು ಕೂರಿಸಿದರೆ ಅದು ಬ್ರೇಸಿಂಗ್ ಅಲ್ಲ, ಅಲಂಕಾರ.

ಇನ್ನೊಂದು ತಪ್ಪು ಬೆಂಗಳೂರಿನ ಬೀದಿಬೀದಿಯಲ್ಲಿ ಕಾಣುತ್ತದೆ. ಪಾರ್ಕಿಂಗಿನ ಪಕ್ಕಕ್ಕೆ ನಾಲ್ಕಡಿ ಬ್ಲಾಕ್ ಗೋಡೆ ಕಟ್ಟಿ, ಮೇಲೆ ಗಾಳಿಗೆ ಬಿಡುತ್ತಾರೆ. ಆಗ ಒಂಬತ್ತಡಿಯ ಕಂಬ ಐದಡಿಯ ಕಂಬವಾಗುತ್ತದೆ. ಬಿಗಿ ಎತ್ತರದ ಘನಕ್ಕೆ ವಿಲೋಮವಾದ್ದರಿಂದ ಅದು ಪಕ್ಕದ ಕಂಬಕ್ಕಿಂತ ಆರು ಪಟ್ಟು ಹತ್ತಿರ ಬಿಗಿಯಾಗಿ, ಅಷ್ಟು ಬಲವನ್ನೂ ತನ್ನ ಮೇಲೆ ಎಳೆದುಕೊಂಡು, ಆ ಮೇಲಿನ ಐದಡಿಯಲ್ಲೇ ಓರೆಯಾಗಿ ಸೀಳುತ್ತದೆ. ಕಟ್ಟಿದರೆ ಬೀಮಿನವರೆಗೂ ಕಟ್ಟಬೇಕು. ಇಲ್ಲವೇ ಕಂಬಕ್ಕೂ ಗೋಡೆಗೂ ನಡುವೆ ಒಂದಿಂಚು ಸಂದಿ ಬಿಟ್ಟು, ಗೋಡೆಗೆ ತನ್ನದೇ ಚಿಕ್ಕ ಆಸರೆ ಕೊಡಬೇಕು.

ಸ್ಯಾನ್ ಫ್ರಾನ್ಸಿಸ್ಕೊದಂತೆ ಹಳೆಯ ಮನೆಗಳ ಬಾಗಿಲಿಗೆ ಫಲಕ ಅಂಟಿಸುವ ಕಾಲ ಬೆಂಗಳೂರಿಗೆ ಸದ್ಯಕ್ಕಂತೂ ಬಾರದು. ಆದರೆ ಹೊಸ ಮನೆಗೆ ಸ್ಟಿಲ್ಟ್ ಪಾರ್ಕಿಂಗನ್ನು ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಎನ್ನುವ ಎಫ್‌ಎಆರ್ ಲೆಕ್ಕದಿಂದ ಬಿಡುವಾಗ ಒಂದು ಷರತ್ತು ಸೇರಿಸಬಹುದು: ಎರಡೂ ದಿಕ್ಕಿಗೆ ಎರಡೆರಡು ಕಾಂಕ್ರೀಟ್ ಗೋಡೆ, ಅವುಗಳಲ್ಲಿ ಒಂದು ರಸ್ತೆ ಬದಿಯಲ್ಲಿ, ನಕ್ಷೆಯಲ್ಲಿ ಅಳತೆಯೊಂದಿಗೆ.