ಬಸ್ಸು ಹೊರಟಿತು, ಪತ್ರ ಮುಗಿಯಿತು

‘ನೀವು ಕೈಗೊಂಡ ಶಾಲಾ ಪ್ರವಾಸವನ್ನು ವರ್ಣಿಸಿ ಗೆಳೆಯನಿಗೊಂದು ಪತ್ರ ಬರೆಯಿರಿ’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಕಂಡ ಕೂಡಲೇ ಹುಡುಗರು ಮಾಡುವ ಮೊದಲ ಕೆಲಸ ಬೆಳಗ್ಗೆ 5 ಗಂಟೆಗೆ ಏಳುವುದು. ಎದ್ದು ಹಲ್ಲುಜ್ಜುತ್ತಾರೆ. ಸ್ನಾನ ಮಾಡುತ್ತಾರೆ. ತಂದೆ ತಾಯಿಗೆ ಹೇಳಿ ಹೊರಡುತ್ತಾರೆ. ಬರೆಯಲು ಇರುವ ಜಾಗ ಹೆಚ್ಚೆಂದರೆ 16 ಸಾಲು. ನಾಲ್ಕನೇ ಸಾಲು ಬಂದರೂ ಇವರು ಇನ್ನೂ ತಲೆ ಒರೆಸಿಕೊಳ್ಳುತ್ತಿರುತ್ತಾರೆ.

ಐದನೇ ಸಾಲಿಗೆ ಬಸ್ಸು ಬರುತ್ತದೆ. ಆರರಲ್ಲಿ ಎಲ್ಲರೂ ಹತ್ತುತ್ತಾರೆ. ಏಳರಲ್ಲಿ ಹಾಡು ಹೇಳುತ್ತಾರೆ, ಎಂಟರಲ್ಲಿ ಕುಣಿಯುತ್ತಾರೆ, ಒಂಬತ್ತರಲ್ಲಿ ದಾರಿಬದಿ ನಿಲ್ಲಿಸಿ ತಿಂಡಿ ತಿನ್ನುತ್ತಾರೆ. ಹನ್ನೊಂದನೇ ಸಾಲಿಗೆ ಅಂತೂ ಕೋಟೆ ತಲುಪಿದರು ಅನ್ನಿ. ಅಷ್ಟರಲ್ಲಿ ಜಾಗವೂ ಮುಗಿಯುತ್ತ ಬಂದಿರುತ್ತದೆ, ಕೈಯೂ ನೋಯುತ್ತಿರುತ್ತದೆ. ಪಾಪ, ಕೋಟೆಗೆ ಸಿಗುವುದು ಎರಡೇ ಸಾಲು: ‘ಅದನ್ನು ನೋಡಲು ಎರಡು ಕಣ್ಣು ಸಾಲದು. ಅಲ್ಲಿ ಹಲವಾರು ವಿಷಯಗಳನ್ನು ತಿಳಿದುಕೊಂಡೆವು.’ ಯಾವ ವಿಷಯ ಎಂದು ಗೆಳೆಯ ಕೇಳುವ ಮೊದಲೇ ಬಸ್ಸು ವಾಪಸ್ ಹೊರಟು, ರಾತ್ರಿ ಕ್ಷೇಮವಾಗಿ ಮನೆ ಸೇರಿ, ‘ಇದು ನನ್ನ ಜೀವನದಲ್ಲಿ ಮರೆಯಲಾಗದ ಅನುಭವ’ ಎಂದು ಮಲಗಿಬಿಡುತ್ತದೆ.

ಇದು ಸೋಮಾರಿತನದಿಂದ ಆಗುವುದಲ್ಲ. ನೆನಪು ಗಡಿಯಾರದ ಹಿಂದೆಯೇ ನಡೆಯುತ್ತದೆ, ಪೆನ್ನು ನೆನಪಿನ ಹಿಂದೆ. ಗಡಿಯಾರಕ್ಕೆ ಹಲ್ಲುಜ್ಜುವುದೂ ಒಂದೇ, ಕೋಟೆ ಹತ್ತುವುದೂ ಒಂದೇ. ಅದರ ಮಾತು ಕೇಳಿದರೆ ಎರಡಕ್ಕೂ ಸರಿಸಮ ಸಾಲು ಹಂಚಬೇಕಾಗುತ್ತದೆ. ಇನ್ನು ಕೆಲವರು ಗಡಿಯಾರವನ್ನೂ ಲೆಕ್ಕಕ್ಕಿಡುವುದಿಲ್ಲ. ಒಂದೇ ದಿನದಲ್ಲಿ ಕೋಟೆ, ಜಲಪಾತ, ಅಣೆಕಟ್ಟು, ಮೃಗಾಲಯ, ವಸ್ತುಸಂಗ್ರಹಾಲಯ, ಸಮುದ್ರ ಎಲ್ಲವನ್ನೂ ಮುಗಿಸುತ್ತಾರೆ. ಒಂದೊಂದು ಜಾಗಕ್ಕೆ ಒಂದೊಂದು ಗಂಟೆ, ಒಂದೊಂದನ್ನೂ ತಲುಪಲು ಎರಡೆರಡು ಗಂಟೆ ಪ್ರಯಾಣ ಎಂದು ಕೂಡಿಸಿದರೆ, ಬೆಳಗ್ಗೆ 6ಕ್ಕೆ ಬಿಟ್ಟ ಬಸ್ಸು ಸಮುದ್ರ ನೋಡಿ ಮುಗಿಸುವ ಹೊತ್ತಿಗೆ ಮಧ್ಯರಾತ್ರಿ. ಅಲ್ಲಿ ಇವರು ಸೂರ್ಯಾಸ್ತವನ್ನೂ ವರ್ಣಿಸಿರುತ್ತಾರೆ!

ಪತ್ರದ ನಮೂನೆಯಲ್ಲಿ ಆಗುವ ಎಡವಟ್ಟುಗಳು ಬೇರೆ ಜಾತಿಯವು. ಹಿಂದಿನ ದಿನ ಬಾಯಿಪಾಠ ಮಾಡಿದ ಮೂರು ಪತ್ರಗಳು ತಲೆಯಲ್ಲೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮುಖ್ಯೋಪಾಧ್ಯಾಯರಿಗೆ ಬರೆಯುವ ರಜೆ ಅರ್ಜಿಯಿಂದ ‘ಮಾನ್ಯರೇ’ ಮತ್ತು ‘ವಿಷಯ:’ ಎರಡೂ ನುಸುಳಿ ಬಂದು ಗೆಳೆಯನ ತಲೆಯ ಮೇಲೆ ಕೂರುತ್ತವೆ. ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಬರೆಯುವ ಪತ್ರವಂತೂ ಇನ್ನೂ ಅಪಾಯ. ಎರಡರಲ್ಲೂ ಪ್ರವಾಸ ಇರುವುದರಿಂದ ಪೆನ್ನಿಗೆ ಗುರುತು ಸಿಗುವುದಿಲ್ಲ. ಪ್ರವಾಸ ಚೆನ್ನಾಗಿತ್ತು ಎಂದು ಶುರುವಾದ ಪತ್ರ ಮೂರನೇ ಪ್ಯಾರಾದಲ್ಲಿ ‘ಆದ್ದರಿಂದ ದಯವಿಟ್ಟು ಹಣ ಕಳುಹಿಸಿಕೊಡಬೇಕಾಗಿ ವಿನಂತಿ’ ಎಂದು ಗೆಳೆಯನ ಜೇಬಿಗೆ ಕೈ ಹಾಕುತ್ತದೆ. ಗೆಳೆಯನ ಪತ್ರಕ್ಕೆ ‘ವಿಷಯ’ದ ಸಾಲು ಬೇಡ, ‘ತಮ್ಮ ವಿಧೇಯ’ ಬೇಡ. ‘ನೀನು’ ಎಂದು ಶುರು ಮಾಡಿದರೆ ಕೊನೆಯವರೆಗೂ ನೀನೇ. ನಡುವೆ ‘ತಾವು ಹೇಗಿದ್ದೀರಿ’ ಎಂದರೆ ಆ ಗೆಳೆಯ ಹಿಂದೆ ತಿರುಗಿ ಯಾರು ಬಂದರು ಎಂದು ನೋಡಬೇಕಾಗುತ್ತದೆ. ‘ಉಭಯ ಕುಶಲೋಪರಿ ಸಾಂಪ್ರತ’ ಬರೆದರೆ ತಪ್ಪೇನಿಲ್ಲ. ಆದರೆ ಅರ್ಥ ಗೊತ್ತಿಲ್ಲದೆ ‘ಉಭಯ ಕುಶಲೋಪಹಾರಿ’ ಎಂದು ಬರೆದು ಅಲ್ಲೂ ತಿಂಡಿ ತಿನ್ನುವವರಿದ್ದಾರೆ.

ಇವೆಲ್ಲ ಅರ್ಧ ಅಂಕ, ಒಂದು ಅಂಕದ ಪೆಟ್ಟು. ಇಡೀ ಪತ್ರವನ್ನೇ ಮಲಗಿಸುವ ತಪ್ಪು ಬೇರೆ ಇದೆ: ಈ ಗೆಳೆಯ ಯಾರು ಎಂದು ತೀರ್ಮಾನಿಸದೆ ಬರೆಯುವುದು. ಬಹಳಷ್ಟು ಪತ್ರಗಳಲ್ಲಿ ಗೆಳೆಯ ಪಕ್ಕದ ಬೆಂಚಿನವನೇ ಆಗಿರುತ್ತಾನೆ. ಅವನೂ ಅದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ ಕೂತು ಬಂದವನು. ಅವನಿಗೇಕೆ ಪತ್ರ? ಹಾಗೆಂದು ಏನೇನೂ ಗೊತ್ತಿಲ್ಲದ ದೂರದ ಗೆಳೆಯನಾದರೆ ಮೇಷ್ಟ್ರು ಯಾರು, ಶಾಲೆ ಎಂಥದ್ದು ಎಂಬುದರಿಂದ ಶುರು ಮಾಡಬೇಕು. ಎಲ್ಲಕ್ಕಿಂತ ಅನುಕೂಲದವನೆಂದರೆ ಕಳೆದ ವರ್ಷದವರೆಗೆ ಇದೇ ಶಾಲೆಯಲ್ಲಿದ್ದು ಈಗ ಬೇರೆ ಊರಿಗೆ ಹೋದವನು. ಮೇಷ್ಟ್ರ ಮೀಸೆ ಅವನಿಗೆ ಗೊತ್ತು, ಪ್ರವಾಸದ ಸುದ್ದಿ ಗೊತ್ತಿಲ್ಲ. ಪತ್ರಕ್ಕೆ ಬೇಕಾದದ್ದು ಇಷ್ಟೇ.

ಇನ್ನು ಏನು ಬರೆಯುವುದು? ಆ ಗೆಳೆಯ ಎದುರಿಗೆ ಸಿಕ್ಕಿದ್ದರೆ ಹುಡುಗ ಹಲ್ಲುಜ್ಜಿದ ಸಂಗತಿಯಿಂದ ಶುರು ಮಾಡುತ್ತಿದ್ದನೇ? ‘ಲೋ, ಏನಾಯ್ತು ಗೊತ್ತಾ’ ಅನ್ನುತ್ತಿದ್ದ. ಆ ‘ಏನಾಯ್ತು’ ಅನ್ನುವುದೇ ಪತ್ರ. ಯಾವ ಪ್ರವಾಸದಲ್ಲೂ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತದೆ: ಒಂದು ಚಪ್ಪಲಿ ಕಳೆದಿರುತ್ತದೆ, ಮಂಗ ತಿಂಡಿ ಡಬ್ಬಿ ಹೊತ್ತೊಯ್ದಿರುತ್ತದೆ, ತಲೆ ಎಣಿಕೆ ತಪ್ಪಿರುತ್ತದೆ. ಅದರಲ್ಲಿ ಒಂದನ್ನು ಹಿಡಿದು, ಜಾಗದ ವರ್ಣನೆಗೆ ನಾಲ್ಕೈದು ಸಾಲು ಇಟ್ಟುಕೊಂಡರೆ ಸಾಕು. ತಲೆ ಎಣಿಕೆಯನ್ನೇ ಆರಿಸಿಕೊಂಡರೆ ಪತ್ರ ಹೀಗಾದೀತು. ಎಡಮೂಲೆಯಲ್ಲಿ ‘ಕ್ಷೇಮ’, ನಡುವೆ ‘ಶ್ರೀ’, ಬಲಮೂಲೆಯಲ್ಲಿ ಊರು ಮತ್ತು ‘18-12-2024’ ಬರೆದ ಮೇಲೆ:

ಪ್ರೀತಿಯ ಗೆಳೆಯ ಅಬಕನಿಗೆ ನಿನ್ನ ಕಖಗ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಹೊಸ ಶಾಲೆ ನಿನಗೆ ಒಗ್ಗಿತೇ? ಕಳೆದ ಶನಿವಾರ ನಮ್ಮನ್ನು ಬೆಟ್ಟದ ಕೋಟೆಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಹೋಗುವಾಗ 46 ಮಕ್ಕಳಿದ್ದೆವು, ಬರುವಾಗ 47 ಆದೆವು ಕಣೋ!

ಮೆಟ್ಟಿಲು ಎಣಿಸುತ್ತ ಹತ್ತಿದೆವು. ನನ್ನ ಲೆಕ್ಕ 312, ಪಕ್ಕದವನದು 307. ಇಳಿಯುವಾಗ ಇಬ್ಬರೂ ಸೇರಿ ಎಣಿಸಿದರೆ 309. ಹೊರಬಾಗಿಲು ದಾಟಿದ ಮೇಲೆ ದಾರಿ ನೇರ ಹೋಗುವುದಿಲ್ಲ, ಥಟ್ಟನೆ ಬಲಕ್ಕೆ ತಿರುಗುತ್ತದೆ. ಶತ್ರುವಿನ ಆನೆ ದೂರದಿಂದ ಓಡಿ ಬಂದು ಒಳಬಾಗಿಲಿಗೆ ಗುದ್ದಬಾರದೆಂದು ಹಾಗೆ ಕಟ್ಟಿದ್ದಾರಂತೆ. ಬಾಗಿಲ ತುಂಬ ಚೂಪಾದ ಕಬ್ಬಿಣದ ಮೊಳೆಗಳು, ಅವೂ ಆನೆಗಾಗಿಯೇ.

ಸಂಜೆ ಬಸ್ಸಿನಲ್ಲಿ ಪಿ.ಟಿ. ಮೇಷ್ಟ್ರು ತಲೆ ಎಣಿಸಿದರು, 47 ಬಂತು. ಮತ್ತೆ ಎಣಿಸಿದರು, ಮತ್ತೆ 47. ಅವರ ಮೀಸೆ ನಿನಗೆ ಗೊತ್ತಲ್ಲ, ಅಷ್ಟು ಹೊತ್ತಿಗೆ ಕುಣಿಯತೊಡಗಿತ್ತು. ಕೊನೆಗೆ ಹೆಸರು ಕರೆದರು. 46 ಜನ ‘ಬಂದಿದ್ದೇನೆ ಸಾರ್’ ಅಂದೆವು. ಹಿಂದಿನ ಸೀಟಿನಲ್ಲಿ ಒಬ್ಬ ಗೊರಕೆ ಹೊಡೆಯುತ್ತಿದ್ದ. ನಮ್ಮದೇ ಬಣ್ಣದ ಸಮವಸ್ತ್ರ, ಆದರೆ ಬೇರೆ ಶಾಲೆಯ ಹುಡುಗ! ಪಕ್ಕದ ಬಸ್ಸಿನಲ್ಲಿ ಅವರ ಮೇಷ್ಟ್ರು ಒಬ್ಬ ಕಡಿಮೆ ಎಂದು ಬೆವರು ಒರೆಸಿಕೊಳ್ಳುತ್ತಿದ್ದರು. ಅವನನ್ನು ಎಬ್ಬಿಸಿ ದಾಟಿಸಿದರೆ, ‘ನಮ್ಮ ಊರು ಬಂತಾ’ ಅಂದ.

ನಿನಗೆಂದು ಕೋಟೆಯ ಚಿತ್ರ ಬಿಡಿಸಿ ಇಟ್ಟಿದ್ದೇನೆ. ರಜೆಗೆ ಬಂದಾಗ ಕೊಡುತ್ತೇನೆ. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ಗೆಳೆಯ,
ಕಖಗ

ಇಲ್ಲಿ ಬಸ್ಸಿಗೆ ಹತ್ತಿದ್ದು, ದಾರಿಯಲ್ಲಿ ಹಾಡಿದ್ದು ಒಂದೂ ಇಲ್ಲ. ಅದಕ್ಕಾಗಿ ಯಾರೂ ಅಂಕ ಕಳೆಯುವುದಿಲ್ಲ. ಶಾಲಾ ಪ್ರವಾಸದಲ್ಲಿ ಬಸ್ಸು ಇದ್ದೇ ಇರುತ್ತದೆ ಎಂದು ಮೌಲ್ಯಮಾಪಕರಿಗೂ ಗೊತ್ತು. ವರ್ಣನೆ ಬೇಕೆಂದು ಪ್ರಶ್ನೆಯಲ್ಲಿ ಕೇಳಿದ್ದಕ್ಕೆ ಬಾಗಿಲು ಮತ್ತು ಮೊಳೆ ಉತ್ತರ ಕೊಡುತ್ತವೆ. ‘ಭವ್ಯವಾದ ಕೋಟೆ’ ಎಂದು ಮೂರು ಸಲ ಬರೆದರೂ ಕೋಟೆ ಕಣ್ಣಿಗೆ ಬರುವುದಿಲ್ಲ, ದಾರಿ ಬಲಕ್ಕೆ ತಿರುಗಿದರೆ ಬರುತ್ತದೆ. ‘ಅಂತೆ’ ಎಂಬ ಪುಟ್ಟ ಪದವನ್ನೂ ಗಮನಿಸಿ. ಮಾರ್ಗದರ್ಶಿ ಹೇಳಿದ್ದನ್ನು ಹುಡುಗ ತಾನೇ ಕಂಡಂತೆ ಬರೆದಿಲ್ಲ. ಪ್ರವಾಸದ ಪತ್ರದಲ್ಲಿ ಆನೆಯನ್ನು ಕಣ್ಣಾರೆ ಕಂಡವರಿಗೂ ಕೊರತೆಯಿಲ್ಲ.

ಎಡವಟ್ಟನ್ನು ಆರಿಸುವಾಗ ಗಾತ್ರ ನೋಡಿಕೊಳ್ಳಬೇಕು. ಉತ್ಸಾಹ ಹೆಚ್ಚಾದರೆ ಬಸ್ಸು ಕಂದಕಕ್ಕೆ ಉರುಳುತ್ತದೆ, ಇಬ್ಬರು ನೀರಿನಲ್ಲಿ ಕೊಚ್ಚಿಹೋಗುತ್ತಾರೆ. ಮುಂದಿನ ಸಾಲಿನಲ್ಲಿ, ಕಲಿತ ಪಾಠ ಕೈಬಿಡದೆ, ‘ಹೀಗೆ ನಮ್ಮ ಪ್ರವಾಸ ಬಹಳ ಸಂತೋಷಕರವಾಗಿತ್ತು’ ಎಂದು ಬಂದುಬಿಡುತ್ತದೆ. ಸಂಜೆಯ ಹೊತ್ತಿಗೆ ತಾನಾಗಿಯೇ ಸರಿಹೋಗುವಷ್ಟು ಚಿಕ್ಕ ಎಡವಟ್ಟೇ ಒಳ್ಳೆಯದು.

ಬರೆದ ಮೇಲೆ ಎರಡು ನಿಮಿಷ ಉಳಿಸಿಕೊಂಡು ಲೆಕ್ಕ ನೋಡುವುದು ವಾಸಿ. ಮೇಲಿನ ಪತ್ರದ ದಿನಾಂಕ ಬುಧವಾರದ್ದು, ಪ್ರವಾಸ ಅದಕ್ಕಿಂತ ಮುಂಚಿನ 14ರ ಶನಿವಾರ. ಸರಿಹೋಯಿತು. ಎಷ್ಟೋ ಪತ್ರಗಳಲ್ಲಿ 10ನೇ ತಾರೀಕು ಬರೆದ ಪತ್ರ 15ನೇ ತಾರೀಕಿನ ಪ್ರವಾಸದ ನೆನಪಿನಲ್ಲಿ ಕಣ್ಣೀರಿಡುತ್ತಿರುತ್ತದೆ. ಹೆಸರಿನ ಕಡೆಗೂ ಕಣ್ಣಿರಲಿ. ಪ್ರಶ್ನೆಯಲ್ಲಿ ‘ನಿಮ್ಮನ್ನು ಕಖಗ ಎಂದು ಭಾವಿಸಿಕೊಳ್ಳಿ’ ಎಂದಿದ್ದರೆ ಕೊನೆಯ ತನಕ ಕಖಗನೇ ಆಗಿರಬೇಕು. ಅಭ್ಯಾಸಬಲದಿಂದ ಸ್ವಂತ ಹೆಸರು ಬರೆದು ಸಹಿ ಹಾಕುವ ಹಾಗಿಲ್ಲ.

ಕೊನೆಗೆ ಹೊರವಿಳಾಸ. ಸಹಿಯ ಕೆಳಗೆ ಎಡಕ್ಕೆ ‘ಇವರಿಗೆ’ ಎಂದು ಬರೆದು ಗೆಳೆಯನ ಹೆಸರು, ಊರು ಹಾಕಬೇಕು. ಗಂಟೆ ಬಾರಿಸುವ ಗಡಿಬಿಡಿಯಲ್ಲಿ ಇದೊಂದು ಬಿಟ್ಟುಹೋಗುವುದೇ ಹೆಚ್ಚು. ಬಿಡದೆ ಬರೆಯುವವರಲ್ಲಿ ಕೆಲವರು ಬಲಮೂಲೆಯಲ್ಲಿ ಬರೆದ ತಮ್ಮ ವಿಳಾಸವನ್ನೇ ಇಲ್ಲಿಯೂ ಇಳಿಸಿರುತ್ತಾರೆ. ಅಂಚೆಯಣ್ಣ ನಿಯತ್ತಿನವನಾದರೆ ಆ ಪತ್ರ ನಾಡಿದ್ದು ಬರೆದವನ ಮನೆ ಬಾಗಿಲಿಗೇ ಬರುತ್ತದೆ. ಒಡೆದು ಓದಿದರೆ, ಬೆಳಗ್ಗೆ 5 ಗಂಟೆಗೆ ಎದ್ದು ಹಲ್ಲುಜ್ಜಿದ ಸುದ್ದಿ.