30 ಮೀಟರ್ ಎಂದು ಬರೆಯುತ್ತಾರೆ, ಈಜಬೇಡಿ ಎಂದು ಬರೆಯುವುದಿಲ್ಲ

ಆನ್‌ಲೈನ್‌ನಲ್ಲಿ ವಾಚು ಮಾರುವವರು ‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂದು ನಮೂದಿಸಿ, ಪಕ್ಕದಲ್ಲೇ ಈಜುಕೊಳದಿಂದ ಮೇಲೇಳುವ ಯುವಕನ ಚಿತ್ರ ಹಾಕುವುದನ್ನು ಕಂಡಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ಅಂಥ ಚಿತ್ರವನ್ನು ನಂಬಿ ನನ್ನ ತಂಗಿಯ ಮಗ ವಾಚು ಕಟ್ಟಿಕೊಂಡೇ ಈಜಲು ಹೋದ. ಮರುದಿನ ಗ್ಲಾಸಿನ ಒಳಬದಿಯಲ್ಲಿ ಮಂಜು ಕಟ್ಟಿತ್ತು, ಆರರ ಅಂಕಿಯ ಬಳಿ ಒಂದು ಹನಿ ನಿಂತಿತ್ತು. ಸರ್ವಿಸ್ ಸೆಂಟರಿನವರು ಹಿಂದಿನ ಮುಚ್ಚಳ ತೆಗೆದು ನೋಡಿ, ನೀರು ಹೋದ ವಾಚಿಗೆ ವಾರಂಟಿ ಇಲ್ಲವೆಂದು ಸಾಗಹಾಕಿದರು. ಹಾಗಾದರೆ ಆ 30 ಮೀಟರ್ ಯಾರ ಉಪಯೋಗಕ್ಕೆ?

ಆ ಅಂಕಿ ಇಳಿಯಬಹುದಾದ ಆಳವನ್ನು ಹೇಳುವುದೇ ಇಲ್ಲ. ಹತ್ತು ಮೀಟರ್ ನೀರಿನ ಒತ್ತಡ ಸುಮಾರು ಒಂದು ಬಾರ್ ಆದ್ದರಿಂದ, ಹೊಸ ವಾಚು ಪರೀಕ್ಷೆಯಲ್ಲಿ ಅಲುಗಾಡದೆ ಮೂರು ಬಾರ್ ಒತ್ತಡವನ್ನು ತಡೆದುಕೊಂಡಿತು ಎಂಬುದಷ್ಟೇ ಅದರ ಅರ್ಥ. ಸಾಮಾನ್ಯ ವಾಚುಗಳಿಗಿರುವ ಐಎಸ್‌ಒ 22810 ಮಾನದಂಡದಲ್ಲಿ ಮಾದರಿಗೆಂದು ಕೆಲವನ್ನು ಆರಿಸಿ ಪರೀಕ್ಷಿಸಿದರೂ ಸಾಕು. ಮುಳುಗುಗಾರರ ವಾಚುಗಳಿಗಿರುವ ಐಎಸ್‌ಒ 6425ರಲ್ಲಾದರೆ ಪ್ರತಿಯೊಂದು ವಾಚನ್ನೂ ನಮೂದಿತ ಒತ್ತಡಕ್ಕಿಂತ ಕಾಲು ಭಾಗ ಹೆಚ್ಚಿಸಿ ಪರೀಕ್ಷಿಸಲೇಬೇಕು. ವ್ಯವಹಾರದಲ್ಲಿ 30 ಮೀಟರ್ ಎಂದರೆ ಮಳೆ ಹನಿ, ಕೈ ತೊಳೆಯುವಾಗಿನ ಎರಚಲು. ಈಜಬೇಕಾದರೆ 100 ಮೀಟರಿನದನ್ನೇ ಕೊಳ್ಳುವುದು ಲೇಸು.

ಪ್ರಶ್ನಿಸಿದರೆ, ಈಜುವಾಗ ಕೈ ಬೀಸಿದ ರಭಸಕ್ಕೆ ಒತ್ತಡ ಹಲವು ಪಟ್ಟು ಏರುತ್ತದೆ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಇದೂ ಬೊಗಳೆಯೇ. ಕೈ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಚಲಿಸಿದರೂ ಹೆಚ್ಚುವ ಒತ್ತಡ 0.125 ಬಾರ್, ಅಂದರೆ ಒಂದೂಕಾಲು ಮೀಟರ್ ನೀರಿನಷ್ಟು. ನೀರು ನುಗ್ಗುವುದು ಸಾಮಾನ್ಯವಾಗಿ ರಬ್ಬರಿನ ಗ್ಯಾಸ್ಕೆಟ್ ಸೋತಾಗ, ಇಲ್ಲವೇ ಸಮಯ ತಿದ್ದುವ ಗುಂಡಿ ಪೂರ್ತಿ ಒಳಗೆ ಕೂರದಿದ್ದಾಗ. ಬೆವರು, ಸೋಪು, ಬಿಸಿನೀರು ಇವೆಲ್ಲ ಆ ರಬ್ಬರನ್ನು ಕೆಡಿಸುತ್ತವೆ. ಹೀಗಿರುವಾಗ 30 ಮೀಟರಿನ ವಾಚಿಗೆ ‘ಸ್ನಾನಕ್ಕೂ ಸೈ’ ಎಂದು ಬರೆಯುವವರ ಧೈರ್ಯವನ್ನು ಮೆಚ್ಚಲೇಬೇಕು!

ಅದೇ ಪುಟದ ಉಳಿದ ವಿವರಗಳೂ ಇಷ್ಟೇ ಚೆಂದ. ಕೇಸಿನ ವ್ಯಾಸ 42 ಮಿಲಿಮೀಟರ್ ಎನ್ನುತ್ತಾರೆ, ಮಣಿಕಟ್ಟಿನ ಮೇಲೆ ಕೂರುತ್ತದೋ ಇಲ್ಲವೋ ಎಂದು ನಿರ್ಧರಿಸುವ, ಬೆಲ್ಟ್ ಸಿಕ್ಕಿಸುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದವನ್ನು ಮಾತ್ರ ಹೇಳುವುದಿಲ್ಲ. ‘ಜಪಾನ್ ಮೂವ್‌ಮೆಂಟ್’ ಎನ್ನುತ್ತಾರೆ. ಒಳಗಿನ ಆ ಯಂತ್ರ ಬ್ಯಾಟರಿಯ ಕ್ವಾರ್ಟ್ಜೋ, ಕೈಯ ಚಲನೆಯಿಂದಲೇ ಓಡುವ ಆಟೊಮ್ಯಾಟಿಕ್ಕೋ ಎಂದು ನಾವೇ ಊಹಿಸಿಕೊಳ್ಳಬೇಕು. ಈಜುವ ಯುವಕನ ಕೈಯಲ್ಲಿರುವ ಬೆಲ್ಟಂತೂ ಅಪ್ಪಟ ಚರ್ಮದ್ದು. ನಾಲ್ಕು ಸಲ ನೆನೆದರೆ ಅದು ಗಡುಸಾಗುತ್ತದೆ, ನಾರತೊಡಗುತ್ತದೆ.

ಎಲ್ಲಕ್ಕಿಂತ ಸಿಟ್ಟು ಬರಿಸುವುದು ಬ್ಯಾಟರಿಯ ವಿಷಯ. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದ ಮೇಲೆ ಗ್ಯಾಸ್ಕೆಟ್ ಸರಿಯಾಗಿ ಕೂರಿಸಿ ಮತ್ತೆ ಒತ್ತಡದ ಪರೀಕ್ಷೆ ಮಾಡದಿದ್ದರೆ ಡಯಲಿನ ಮೇಲಿನ ಆ ಅಂಕಿಗೆ ಯಾವ ಖಾತರಿಯೂ ಉಳಿಯುವುದಿಲ್ಲ. ಇದನ್ನು ಮಾರುವ ಪುಟದಲ್ಲಿ ಬರೆಯದೆ, ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ, ಅದೂ ಹಣ ಕಟ್ಟಿ ಡಬ್ಬಿ ಒಡೆದ ಮೇಲಷ್ಟೇ ಕೈಗೆ ಸಿಗುವ ಹಾಗೆ.